ಯಾರಿಗೂ ಕಾಣದ ಕಿವಿ

ಡಿಸ್ಕಾರ್ಡ್‌ನಲ್ಲಿ ಸರ್ವರ್ ನಡೆಸುವವರ ಕೈಯಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಮೇಲಿನ ಹಂತಕ್ಕೆ ಏರಿಸಿದರೆ, ಹೊಸದಾಗಿ ಸೇರಿದವರು ಹತ್ತು ನಿಮಿಷ ಕಳೆಯುವ ತನಕ ಒಂದಕ್ಷರವನ್ನೂ ಬರೆಯುವಂತಿಲ್ಲ. ಓದಬಹುದು, ಚಾನೆಲ್‌ನಿಂದ ಚಾನೆಲ್‌ಗೆ ಓಡಾಡಬಹುದು, ಮಾತಾಡುವಂತಿಲ್ಲ. ಕಸದ ಮೆಸೇಜ್ ಸುರಿಯಲೆಂದೇ ಬರುವ ಸುಳ್ಳು ಖಾತೆಗಳನ್ನು ತಡೆಯಲು ಮಾಡಿಕೊಂಡ ಏರ್ಪಾಡು ಇದು. ಆದರೆ ಮನುಷ್ಯರ ಮಟ್ಟಿಗೆ ಈ ಹತ್ತು ನಿಮಿಷ ಒಂದು ಪ್ರಶ್ನೆ ಎತ್ತುತ್ತದೆ. ಬಾಯಿ ಕಟ್ಟಿದ ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿರುತ್ತೇನೆ? ನನ್ನ ಸರದಿ ಯಾವಾಗ ಬರುತ್ತದೆ ಎಂದು ಕಾಯುತ್ತಿರುತ್ತೇನೋ, ಅಥವಾ ಕೇಳುತ್ತಿರುತ್ತೇನೋ? ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಕಾಣುತ್ತವೆ ಎನ್ನುವುದೂ ಪೂರ್ತಿ ಸರಿಯಲ್ಲ. ಅಲ್ಲಿ ಏನೂ ಕಾಣುವುದಿಲ್ಲ. ಶಾಲೆಯ ಕೋಣೆಯಲ್ಲಿ, ಮನೆಯ ಪಡಸಾಲೆಯಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಸುಮ್ಮನೆ ಕೂತು ಕೇಳುವವರಿಗೂ ಒಂದು ಹಾಜರಿ ಇರುತ್ತದೆ. ತಲೆ ಆಡಿಸುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಮಾತಾಡುವವರು ಅದನ್ನು ನೋಡಿ ಮಾತು ನಿಧಾನಿಸುತ್ತಾರೆ. ಕೇಳುವವರು ಇದ್ದಾರೆ ಎಂಬುದು ಮಾತಾಡುವವರಿಗೆ ಗೊತ್ತಿರುತ್ತದೆ. ಸ್ಲ್ಯಾಕ್ ಅಥವಾ ಡಿಸ್ಕಾರ್ಡ್‌ನ ವೃತ್ತಿಬಳಗಗಳಲ್ಲಿ ಈ ಹಾಜರಿಯೇ ಇಲ್ಲ. ತಿಂಗಳುಗಟ್ಟಲೆ ಓದಿದವರೂ ಸೇರಿ ಮರೆತವರೂ ಸದಸ್ಯರ ಪಟ್ಟಿಯಲ್ಲಿ ಒಂದೊಂದು ಹೆಸರಾಗಿ ಅಕ್ಕಪಕ್ಕ ಕೂತಿರುತ್ತಾರೆ. ಬರೆದಾಗ ಮಾತ್ರ ಮನುಷ್ಯ ಹುಟ್ಟಿದ ಹಾಗೆ. ಹಾಗಾಗಿಯೇ ಸೇರಿದ ಕೂಡಲೇ ಏನಾದರೂ ಬರೆಯಬೇಕೆಂದು ಬೆರಳು ತುಡಿಯುತ್ತದೆ. ಅದರ ಹಿಂದೆ ಇರುವುದು ಜಂಬ ಅಂತ ನನಗನ್ನಿಸುವುದಿಲ್ಲ. ನಾನೂ ಇಲ್ಲಿದ್ದೇನೆ ಎಂದು ಹೇಳಿಕೊಳ್ಳುವ ಸಹಜ ಆಸೆ ಅದು. ಯಾರ ಕಣ್ಣಿಗೂ ಬೀಳದ, ಯಾರೂ ಲೆಕ್ಕಕ್ಕೆ ಹಿಡಿಯದ ಕೇಳುವಿಕೆಗೆ ಬೆಲೆ ಏನು, ಅದರಿಂದ ಮಾತಿಗೆ ದಾಟುವ ದಾರಿ ಯಾವುದು ಎಂಬುದನ್ನು ಒಂದು ನಿಜವಾದ ಜಾಗವನ್ನು ಮುಂದಿಟ್ಟುಕೊಂಡು ಯೋಚಿಸಬೇಕು ಎನಿಸುತ್ತದೆ.

ಕುಬರ್ನೆಟಿಸ್ ಬಳಗದ ಸ್ಲ್ಯಾಕನ್ನೇ ತೆಗೆದುಕೊಳ್ಳೋಣ. ದೊಡ್ಡ ಆನ್‌ಲೈನ್ ಸೇವೆಗಳ ಹಿಂದಿನ ಪ್ರೋಗ್ರಾಮುಗಳನ್ನು ಹತ್ತಾರು, ನೂರಾರು ಯಂತ್ರಗಳ ಮೇಲೆ ಹಂಚಿ, ಬಿದ್ದರೆ ಮತ್ತೆ ಎಬ್ಬಿಸಿ, ಓಡಿಸುತ್ತಾ ಇರುವ ತಂತ್ರಾಂಶ ಇದು. 2014ರಲ್ಲಿ ಗೂಗಲ್ ಇದನ್ನು ಎಲ್ಲರಿಗೂ ತೆರೆದಿಟ್ಟಿತು. ಇಂದು ಬೆಂಗಳೂರಿನ ಎಷ್ಟೋ ಕಂಪನಿಗಳ ಕೆಲಸ ಇದರ ಮೇಲೆ ನಿಂತಿದೆ. ಇದರ ಸ್ಲ್ಯಾಕ್‌ನಲ್ಲಿ ಲಕ್ಷಕ್ಕೂ ಹೆಚ್ಚು ಖಾತೆಗಳಿವೆ. ಚಾನೆಲ್‌ಗಳು ಎಷ್ಟೆಂದರೆ ಪಟ್ಟಿ ಓದುವುದೇ ಒಂದು ಕೆಲಸ. ಹೊಸಬರಿಗೆಂದೇ `#kubernetes-novice` ಇದೆ, ಬಳಸುವ ಎಲ್ಲರಿಗೂ `#kubernetes-users` ಇದೆ, ಭಾರತದವರಿಗೆ `#in-users` ಇದೆ. ಇದನ್ನು ಕಟ್ಟುವವರು ಸಿಗ್ ಎಂದು ಕರೆಯುವ ಗುಂಪುಗಳಾಗಿ ಹಂಚಿಕೊಂಡಿದ್ದಾರೆ, ಒಂದೊಂದಕ್ಕೂ ಅದರದೇ ಚಾನೆಲ್.

ಇಲ್ಲಿಗೆ ಬಂದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹಾಸನದ ಕಡೆಯವಳು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿದೆ. ಅವಳ ತಂಡ ಕುಬರ್ನೆಟಿಸ್‌ಗೆ ಬದಲಾಗುತ್ತಿದೆ. ತಂಡದಲ್ಲಿ ಕೇಳೋಣವೆಂದರೆ ತಿಳಿದವರು ಒಬ್ಬರೇ, ಅವರಿಗೂ ಬಿಡುವಿಲ್ಲ. ಅವಳು ಸ್ಲ್ಯಾಕ್‌ಗೆ ಸೇರಿ ಎರಡೇ ಚಾನೆಲ್ ಇಟ್ಟುಕೊಂಡು, ಉಳಿದವುಗಳಿಂದ ಹೊರಬರುತ್ತಾಳೆ. ಇದು ಸಣ್ಣ ಸಂಗತಿಯಲ್ಲ. ಇಪ್ಪತ್ತು ಚಾನೆಲ್ ಹಿಡಿದುಕೊಂಡವರು ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ; ಎಡಬದಿಯಲ್ಲಿ ದಪ್ಪಕ್ಷರದಲ್ಲಿ ಉಳಿದ ಹೆಸರುಗಳನ್ನು ಒತ್ತಿ ಒತ್ತಿ ಖಾಲಿ ಮಾಡುವುದೇ ಅವರ ಕೆಲಸವಾಗುತ್ತದೆ. ಎರಡರಲ್ಲಿ ಕೂತರೆ ಜನ ಕಾಣತೊಡಗುತ್ತಾರೆ. ಯಾರು ಯಾವ ವಿಷಯಕ್ಕೆ ಬಾಯಿ ಹಾಕುತ್ತಾರೆ, ಯಾರು ಉತ್ತರಕ್ಕೆ ಮುಂಚೆ ಮರುಪ್ರಶ್ನೆ ಕೇಳುತ್ತಾರೆ, ಯಾರು ದಸ್ತಾವೇಜಿನ ಕೊಂಡಿ ಕೊಟ್ಟು ಸುಮ್ಮನಾಗುತ್ತಾರೆ ಎಂಬುದೆಲ್ಲ ಮೆಲ್ಲಗೆ ತಿಳಿಯುತ್ತದೆ.

ಅವಳು ಮೊದಲು ಗಮನಿಸುವುದು ಉತ್ತರ ಸಿಗದೆ ಬಿದ್ದ ಪ್ರಶ್ನೆಗಳನ್ನು. ಒಬ್ಬರು ಬೆಳಿಗ್ಗೆ ಬರೆದಿದ್ದಾರೆ: ನನ್ನ ಪಾಡ್ ಪದೇ ಪದೇ ಬೀಳುತ್ತಿದೆ, ಅರ್ಜೆಂಟ್, ಯಾರಾದರೂ ಸಹಾಯ ಮಾಡಿ. ಕುಬರ್ನೆಟಿಸ್ ಓಡಿಸುವ ಅತಿ ಚಿಕ್ಕ ಘಟಕಕ್ಕೆ ಪಾಡ್ ಎನ್ನುತ್ತಾರೆ. ಮಧ್ಯಾಹ್ನದವರೆಗೆ ಅದಕ್ಕೆ ಒಂದೂ ಉತ್ತರ ಇಲ್ಲ. ಸಂಜೆ ಇನ್ನೊಬ್ಬರು ಅದೇ ಬಗೆಯ ತೊಂದರೆಯನ್ನು ಬೇರೆ ರೀತಿ ಬರೆಯುತ್ತಾರೆ. ಯಾವ ಆವೃತ್ತಿ, ಏನು ಬದಲಾಯಿಸಿದ ಮೇಲೆ ಶುರುವಾಯಿತು, ಏನೇನು ನೋಡಿ ಆಯಿತು ಎಂದು ನಾಲ್ಕು ಸಾಲು. ಕೊನೆಗೆ `kubectl describe pod` ಕೊಟ್ಟ ಉತ್ತರದಿಂದ ಬೇಕಾದಷ್ಟನ್ನೇ ಹೆಕ್ಕಿ ಅಂಟಿಸಿದ್ದಾರೆ:

```
Last State:     Terminated
  Reason:       OOMKilled
  Exit Code:    137
```

ಸ್ವಲ್ಪ ಹೊತ್ತಿಗೆ ಒಬ್ಬರು ಥ್ರೆಡ್‌ನಲ್ಲಿ ಕೇಳುತ್ತಾರೆ: ಮೆಮೊರಿ ಮಿತಿ ಎಷ್ಟು ಕೊಟ್ಟಿದ್ದೀರಿ? ಇದು ಜಾವಾ ಪ್ರೋಗ್ರಾಮೇ? ಹೀಪ್ ಎಷ್ಟು? ಉತ್ತರ ಬರುತ್ತದೆ: ಮಿತಿ `512Mi`, ಜಾವಾಗೆ ಕೊಟ್ಟದ್ದು `-Xmx512m`. ಅಲ್ಲಿಗೆ ಗಂಟು ಬಿಚ್ಚಿಕೊಳ್ಳುತ್ತದೆ. ಹೀಪ್ ಎನ್ನುವುದು ಜಾವಾ ಬಳಸುವ ಮೆಮೊರಿಯ ಒಂದು ಭಾಗ ಮಾತ್ರ. ಅದರ ಹೊರಗೆ ಥ್ರೆಡ್‌ಗಳಿಗೆ, ಲೋಡ್ ಆದ ಕ್ಲಾಸುಗಳಿಗೆ, ಇನ್ನೂ ಕೆಲವಕ್ಕೆ ಜಾಗ ಬೇಕು. ಇಡೀ ಮಿತಿಯನ್ನು ಹೀಪ್‌ಗೇ ಬರೆದುಕೊಟ್ಟರೆ, ಹೀಪ್ ತುಂಬುವ ಮೊದಲೇ ಒಟ್ಟು ಬಳಕೆ ಮಿತಿ ದಾಟುತ್ತದೆ. ಲಿನಕ್ಸ್ ಆ ಪ್ರೋಗ್ರಾಮನ್ನು ಕೊಂದುಹಾಕುತ್ತದೆ. 137 ಎಂದರೆ 128ಕ್ಕೆ 9 ಸೇರಿಸಿದ್ದು, 9 ಎಂಬುದು ಹಾಗೆ ಕೊಲ್ಲುವ ಸಂಕೇತದ ಸಂಖ್ಯೆ. ಹೀಪ್ ಇಳಿಸಿ ಅಥವಾ ಮಿತಿ ಏರಿಸಿ ಎಂದು ಆ ಹಿರಿಯರು ಬರೆದು ಹೊರಡುತ್ತಾರೆ.

ಇದನ್ನು ಓದಿದ ನಮ್ಮ ಹುಡುಗಿಗೆ ಜಾವಾ ಮೆಮೊರಿಯ ಪಾಠ ಸಿಕ್ಕಿತು ಎಂದರೆ ಅರ್ಧ ಹೇಳಿದಂತೆ. ಬೆಳಗಿನ ಪ್ರಶ್ನೆಗೆ ಉತ್ತರ ಯಾಕೆ ಬರಲಿಲ್ಲ ಎಂಬುದೂ ಅವಳಿಗೆ ಸಿಕ್ಕಿತು. ಅವರು ಒರಟಾಗಿ ಕೇಳಿರಲಿಲ್ಲ. ಉತ್ತರಿಸಲು ಹೊರಟವರು ಮೊದಲು ನಾಲ್ಕು ಮರುಪ್ರಶ್ನೆ ಕೇಳಿ, ಜವಾಬಿಗೆ ಕಾಯಬೇಕಿತ್ತು. ತಮ್ಮ ಆಫೀಸಿನ ಕೆಲಸದ ನಡುವೆ ಐದು ನಿಮಿಷ ಬಿಡುವು ಮಾಡಿಕೊಂಡು ಇಣುಕಿದವರಿಗೆ ಅಷ್ಟು ಹೊತ್ತು ಇರಲಿಲ್ಲ. ಪ್ರಶ್ನೆಯೊಂದಕ್ಕೆ ಆ ಜಾಗದಲ್ಲಿ ಎಷ್ಟು ಬೆಲೆ ತೆರಬೇಕಾಗುತ್ತದೆ, ಆ ಬೆಲೆಯನ್ನು ಯಾರು ತೆರುತ್ತಾರೆ ಎಂಬ ತಿಳಿವಳಿಕೆ ಯಾವ ನಿಯಮಪುಟದಲ್ಲೂ ಇರುವುದಿಲ್ಲ. ಆ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ಅದು ದಕ್ಕುತ್ತದೆ.

ಬೆಳಗಿನ ಪ್ರಶ್ನೆಗೆ ಉತ್ತರ ಬರದಿರಲು ಇನ್ನೊಂದು ಕಾರಣವೂ ಇತ್ತು, ಅದಂತೂ ಸೂರ್ಯನಿಗೆ ಸಂಬಂಧಿಸಿದ್ದು. ಬೇಸಿಗೆಯಲ್ಲಿ ಬೆಂಗಳೂರಿನ ಬೆಳಿಗ್ಗೆ ಹತ್ತು ಗಂಟೆಯೆಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ಜರ್ಮನಿಯಲ್ಲಿ ಇನ್ನೂ ಬೆಳಗಿನ ಆರೂವರೆ. ಉತ್ತರ ಕೊಡುವವರಲ್ಲಿ ಬಹಳ ಜನ ಮಲಗುವ ಅಥವಾ ಏಳುವ ಹೊತ್ತು. ನಮ್ಮ ಸಂಜೆ ಏಳೂವರೆಗೆ ಯುರೋಪಿನಲ್ಲಿ ಇನ್ನೂ ಆಫೀಸು ನಡೆಯುತ್ತಿರುತ್ತದೆ, ಅಮೆರಿಕದ ಪೂರ್ವ ತೀರದಲ್ಲಿ ಆಗತಾನೇ ಶುರುವಾಗಿರುತ್ತದೆ. ಎರಡು ವಾರ ಸುಮ್ಮನೆ ನೋಡಿದರೆ ಈ ಉಬ್ಬರವಿಳಿತ ತಾನಾಗಿ ತಿಳಿಯುತ್ತದೆ. ತಿಳಿಯದವರು ಬೆಳಿಗ್ಗೆ ಕೇಳಿ, ಮಧ್ಯಾಹ್ನ ಮತ್ತೆ ಕೇಳಿ, ಸಂಜೆಗೂ ಅದನ್ನೇ ಕೇಳುತ್ತಾರೆ. ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ನೊಂದುಕೊಂಡು ಹೊರಟುಹೋಗುವವರೂ ಇದ್ದಾರೆ. ನಿದ್ದೆಯಲ್ಲಿದ್ದವರ ಮೌನವನ್ನು ತಿರಸ್ಕಾರವೆಂದು ಓದಿಕೊಂಡವರು ಅವರು. ಇನ್ನೊಬ್ಬರ ಮೌನದ ಅರ್ಥ ತಿಳಿಯಬೇಕಾದರೆ ಮೊದಲು ನಾವು ಸ್ವಲ್ಪ ಹೊತ್ತು ಮೌನವಾಗಿದ್ದು ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸುವುದು ಇಲ್ಲಿಯೇ.

ನಮ್ಮಲ್ಲಿ ಶ್ರವಣ, ಮನನ, ನಿದಿಧ್ಯಾಸನ ಎಂಬ ಹಳೆಯ ಕ್ರಮವೊಂದಿದೆ. ಕೇಳು, ಕೇಳಿದ್ದನ್ನು ವಿಚಾರಿಸು, ವಿಚಾರಿಸಿದ್ದರಲ್ಲಿ ನೆಲೆಗೊಳ್ಳು. ಆ ಕ್ರಮದಲ್ಲಿ ಮಾತಾಡುವುದಕ್ಕೆ ಪ್ರತ್ಯೇಕ ಮೆಟ್ಟಿಲೇ ಇಲ್ಲ ಎಂಬುದು ನನ್ನನ್ನು ಯೋಚನೆಗೆ ಹಚ್ಚುತ್ತದೆ. ಅಲ್ಲಿ ಕೇಳುವುದು ತನ್ನ ಬಿಡುಗಡೆಗಾಗಿ. ವೃತ್ತಿಬಳಗದಲ್ಲಿ ಹಾಗೆ ನಿಲ್ಲಲಾಗದು. ಅಲ್ಲಿ ನಮಗೆ ಸಿಕ್ಕ ಪ್ರತಿಯೊಂದು ಉತ್ತರವನ್ನೂ ಯಾರೋ ಒಬ್ಬರು ಕೂತು ಬರೆದಿದ್ದಾರೆ. ಎಲ್ಲರೂ ಕೇಳುವವರೇ ಆದರೆ ಕೇಳಲು ಏನೂ ಉಳಿಯುವುದಿಲ್ಲ. ಹಾಗಾದರೆ ಕೇಳುವಿಕೆ ಯಾವ ಹಂತದಲ್ಲಿ ಕೊಡುಗೆಯಾಗುತ್ತದೆ? ಅದಕ್ಕೊಂದು ಕ್ರಮ ಇದೆಯೇ?

ಇದಕ್ಕೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಉತ್ತರ ಲೈಬೀರಿಯಾದ ದರ್ಜಿಗಳದು. ಮಾನವಶಾಸ್ತ್ರಜ್ಞೆ ಜೀನ್ ಲೇವ್ 1970ರ ದಶಕದಲ್ಲಿ ಆ ದೇಶದ ವೈ ಮತ್ತು ಗೋಲಾ ಜನರ ಹೊಲಿಗೆ ಅಂಗಡಿಗಳಲ್ಲಿ ಕೂತು, ಹುಡುಗರು ಕಸುಬು ಕಲಿಯುವುದನ್ನು ನೋಡಿದರು. 1991ರಲ್ಲಿ ಎಟಿಯೆನ್ ವೆಂಗರ್ ಜೊತೆ ಬರೆದ ಪುಸ್ತಕದಲ್ಲಿ ಆ ವಿವರ ಇದೆ. ಬಟ್ಟೆ ತಯಾರಾಗುವ ಕ್ರಮ ಎಲ್ಲರಿಗೂ ಗೊತ್ತು: ಮೊದಲು ಕತ್ತರಿಸುವುದು, ಆಮೇಲೆ ಹೊಲಿಯುವುದು, ಕೊನೆಗೆ ಗುಂಡಿ ಹಾಕಿ, ಅಂಚು ಮಡಿಸಿ ಮುಗಿಸುವುದು. ಕಲಿಯುವ ಹುಡುಗರು ಇದನ್ನು ತಿರುಗಿಸಿ ಕಲಿಯುತ್ತಿದ್ದರು. ಮೊದಲು ಗುಂಡಿ ಮತ್ತು ಅಂಚು, ಆಮೇಲೆ ಹೊಲಿಗೆ, ಕತ್ತರಿ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಉಡುಪುಗಳಲ್ಲೂ ಹಾಗೆಯೇ: ಟೋಪಿ, ಮಕ್ಕಳ ಒಳಉಡುಪುಗಳಿಂದ ಶುರುಮಾಡಿ, ಹೊರಗೆ ತೊಡುವ ಗಂಭೀರವಾದ ದಿರಿಸಿಗೆ ಬರುವುದು.

ಇದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಎರಡು ಸಂಗತಿ. ಗುಂಡಿ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಬಟ್ಟೆ ಹಾಗೆಯೇ ಇರುತ್ತದೆ. ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು, ಅದೂ ಗಿರಾಕಿಯ ಬಟ್ಟೆ. ಅಂದರೆ ತಪ್ಪಿದರೆ ಇತರರಿಗೆ ಕಡಿಮೆ ನಷ್ಟವಾಗುವ ಕಡೆಯಿಂದ ಹೆಚ್ಚು ನಷ್ಟವಾಗುವ ಕಡೆಗೆ ಆ ಕ್ರಮ ಏರುತ್ತದೆ. ಎರಡನೆಯದು, ಗುಂಡಿ ಹಾಕುವ ಹುಡುಗನ ಮಡಿಲಲ್ಲಿ ಇರುವುದು ಪೂರ್ತಿಯಾದ ಅಂಗಿ. ತೋಳು ಎಲ್ಲಿ ಸೇರುತ್ತದೆ, ಕತ್ತು ಹೇಗೆ ಕೂರುತ್ತದೆ ಎಂಬುದನ್ನು ಅವನು ದಿನವೂ ಬೆರಳಲ್ಲಿ ಮುಟ್ಟಿ ನೋಡುತ್ತಾನೆ. ಮುಂದೊಂದು ದಿನ ಕತ್ತರಿ ಹಿಡಿದಾಗ, ಆ ತುಂಡು ಕೊನೆಗೆ ಏನಾಗಬೇಕೆಂಬುದು ಅವನಿಗೆ ಆಗಲೇ ಗೊತ್ತಿರುತ್ತದೆ. ಗುಂಡಿಯ ಕೆಲಸ ಕೀಳಲ್ಲ, ಗಿರಾಕಿಗೆ ಗುಂಡಿ ಬೇಕೇ ಬೇಕು. ಹುಡುಗ ಕಲಿಯುತ್ತಿರುವ ಮೊದಲ ದಿನದಿಂದಲೇ ಅಂಗಡಿಗೆ ನಿಜವಾದ ಕೆಲಸ ಮಾಡಿಕೊಡುತ್ತಿರುತ್ತಾನೆ.

ಸ್ಲ್ಯಾಕ್‌ಗೆ ಮರಳಿದರೆ, ಅಲ್ಲಿನ ಗುಂಡಿ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಮುಗಿಯದೆ ಬಿಟ್ಟ ಥ್ರೆಡ್‌ಗಳನ್ನು ಮುಗಿಸುವುದು. ಉತ್ತರ ಪಡೆದವರು ಅದನ್ನು ಮಾಡಿ ನೋಡಿ, ಆಯಿತೋ ಇಲ್ಲವೋ ಎಂದು ಬರೆಯದೆ ಹೋಗುವುದು ಇಂಥ ಬಳಗಗಳಲ್ಲಿ ದಿನನಿತ್ಯದ ಸಂಗತಿ. ಉತ್ತರ ಕೊಟ್ಟವರಿಗೆ ತಾನು ಹೇಳಿದ್ದು ಸರಿಯಿತ್ತೇ ಎಂಬುದು ಕೊನೆಗೂ ತಿಳಿಯುವುದಿಲ್ಲ. ಮುಂದೆ ಹುಡುಕಿಕೊಂಡು ಬಂದವರಿಗೂ ತಿಳಿಯುವುದಿಲ್ಲ. ನಮ್ಮ ಹುಡುಗಿ ಅದೇ ಸಲಹೆಯನ್ನು ತನ್ನ ಪರೀಕ್ಷಾ ಕ್ಲಸ್ಟರ್‌ನಲ್ಲಿ ಮಾಡಿ ನೋಡುತ್ತಾಳೆ. `512Mi` ಮಿತಿಯನ್ನು ಹಾಗೆಯೇ ಇಟ್ಟು ಹೀಪನ್ನು `-Xmx350m`ಗೆ ಇಳಿಸಿದಾಗ ಅವಳ ಪ್ರೋಗ್ರಾಮು ನಿಲ್ಲದೆ ಓಡುತ್ತದೆ. ಅದೇ ಥ್ರೆಡ್‌ನ ಕೆಳಗೆ ಎರಡು ಸಾಲು ಬರೆಯುತ್ತಾಳೆ: ನನಗೂ ಇದೇ ಆಗಿತ್ತು, ಇಷ್ಟಕ್ಕೆ ಇಳಿಸಿದೆ, ಈಗ ಬೀಳುತ್ತಿಲ್ಲ, ಧನ್ಯವಾದ. ಅದು ಅವಳ ಮೊದಲ ಮಾತು. ಯಾರ ಗಮನವನ್ನೂ ಅದು ಬೇಡಲಿಲ್ಲ. ತಪ್ಪಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಆದರೂ ಆ ಥ್ರೆಡ್ ಮೊದಲಿಗಿಂತ ಪೂರ್ತಿಯಾಯಿತು.

ಅದರ ಮುಂದಿನ ಮೆಟ್ಟಿಲು ಸ್ವಂತ ಪ್ರಶ್ನೆ. ಪ್ರಶ್ನೆ ಕೇಳುವುದನ್ನು ಕೊಡುಗೆಯೆಂದು ಎಣಿಸಲು ಕೆಲವರು ಹಿಂಜರಿಯುತ್ತಾರೆ. ಚೆನ್ನಾಗಿ ಕೇಳಿದ ಪ್ರಶ್ನೆ ನೂರು ಜನ ಓದುವ ಥ್ರೆಡ್ಡಿಗೆ ತಲೆಬರಹವಾಗುತ್ತದೆ, ಹಾಗಾಗಿ ಅದು ಕೊಡುಗೆಯೇ. ಆಮೇಲೆ ಬರುವುದು ಇತರರ ಪ್ರಶ್ನೆಯ ಹತ್ತಿರ ಹೋಗುವುದು, ಅದೂ ಉತ್ತರದಿಂದಲ್ಲ. ಮತ್ತೊಬ್ಬರು ಬಂದು ಪಾಡ್ ಬೀಳುತ್ತಿದೆ ಎಂದಷ್ಟೇ ಬರೆದಾಗ, ಹಿರಿಯರು ಮೊದಲು ಏನು ಕೇಳುತ್ತಾರೆ ಎಂಬುದು ಅವಳಿಗೆ ಈಗ ಗೊತ್ತು. ಅವಳೇ ಕೇಳುತ್ತಾಳೆ: `kubectl describe pod` ಏನು ತೋರಿಸುತ್ತಿದೆ, ಅಂಟಿಸುತ್ತೀರಾ? ಹಿಂದಿನ ಸಲ ಬಿದ್ದಾಗಿನ ಲಾಗ್ `kubectl logs --previous <pod-name>` ಕೊಟ್ಟರೆ ಬರುತ್ತದೆ. ಪಾಸ್‌ವರ್ಡ್, ಕಂಪನಿಯ ವಿಳಾಸ ಏನಾದರೂ ಇದ್ದರೆ ಅಳಿಸಿ ಹಾಕಿ. ಇಷ್ಟೇ. ಕಾರಣ ಏನೆಂದು ಅವಳಿಗೆ ಇನ್ನೂ ಗೊತ್ತಿಲ್ಲದಿರಬಹುದು. ಆದರೆ ರಾತ್ರಿ ಅಮೆರಿಕದಲ್ಲಿ ಯಾರೋ ಎದ್ದು ಇಣುಕುವ ಹೊತ್ತಿಗೆ ಥ್ರೆಡ್‌ನಲ್ಲಿ ಬೇಕಾದ್ದೆಲ್ಲ ಸಿದ್ಧವಾಗಿರುತ್ತದೆ. ಅವರ ಐದು ನಿಮಿಷ ಈಗ ಸಾಕಾಗುತ್ತದೆ. ಬೆಂಗಳೂರಿನ ಹಗಲನ್ನು ಅವಳು ಆ ಬಳಗಕ್ಕೆ ಉಪಯೋಗವಾಗುವಂತೆ ಮಾಡಿದಳು. ಕೇಳುವಿಕೆ ಕೊಡುಗೆಯಾಗುವ ಕ್ಷಣ ಎಂದು ನಾನು ಹುಡುಕುತ್ತಿದ್ದದ್ದು ಇದೇ. ಅವಳು ಹೊಸದಾಗಿ ಏನನ್ನೂ ತರಲಿಲ್ಲ, ಅಲ್ಲಿ ಕೇಳಿಸಿಕೊಂಡದ್ದನ್ನೇ ಅಲ್ಲಿಗೆ ವಾಪಸು ಕೊಟ್ಟಳು.

ಉತ್ತರ ಕೊಡುವುದು ಇದರ ನಂತರ, ಅದೂ ತಾನೇ ಮಾಡಿ ನೋಡಿದ್ದಕ್ಕೆ ಮಾತ್ರ. ಇಲ್ಲಿ ಎಡವುವ ಬಗೆಯೊಂದಿದೆ. 137 ಕಂಡ ಕೂಡಲೇ ಮೆಮೊರಿ ಎಂದು ಬರೆದುಬಿಡುವುದು. ಹೊರಗಿನಿಂದ ಬಲವಂತವಾಗಿ ಕೊಂದ ಯಾವುದೇ ಪ್ರೋಗ್ರಾಮು 137 ತೋರಿಸಬಹುದು. ಉದಾಹರಣೆಗೆ, ಆರೋಗ್ಯ ತಪಾಸಣೆಗೆ ಉತ್ತರಿಸದ ಪ್ರೋಗ್ರಾಮನ್ನು ನಿಲ್ಲಿಸಲು ಹೇಳಿ, ಅದು ಕೊಟ್ಟ ಸಮಯದಲ್ಲಿ ನಿಲ್ಲದಿದ್ದಾಗಲೂ ಹಾಗೆಯೇ ಕೊಲ್ಲಲಾಗುತ್ತದೆ. ಅಂಕಿಯ ಮೇಲಿನ ಸಾಲಿನಲ್ಲಿ `OOMKilled` ಇದೆಯೇ ಎಂದು ನೋಡಿಯೇ ಹೇಳಬೇಕು. ತಪ್ಪು ಉತ್ತರ ಬರೀ ತಪ್ಪಾಗಿ ನಿಲ್ಲುವುದಿಲ್ಲ. ಥ್ರೆಡ್ಡಿಗೆ ಉತ್ತರ ಬಂದಿದೆ ಎಂದು ಕಂಡರೆ ತಿಳಿದವರು ತೆರೆಯದೆ ಮುಂದೆ ಹೋಗುತ್ತಾರೆ. ಕೇಳಿದವರು ಇಡೀ ದಿನ ಇಲ್ಲದ ಮೆಮೊರಿ ತೊಂದರೆಯ ಬೆನ್ನು ಹತ್ತುತ್ತಾರೆ. ಖಚಿತವಿಲ್ಲದಿದ್ದರೆ ಖಚಿತವಿಲ್ಲ ಎಂದು ಬರೆದೇ ಊಹೆ ಹೇಳುವುದು ಮರ್ಯಾದೆ.

ಕತ್ತರಿ ಯಾವುದೆಂದು ಈಗ ಹೆಚ್ಚು ಹೇಳಬೇಕಿಲ್ಲ. ಸಾವಿರಾರು ಜನರ ಗಮನವನ್ನು ಒಟ್ಟಿಗೆ ಬೇಡುವ ಮಾತೆಲ್ಲ ಕತ್ತರಿಯೇ. ಈ ಚಾನೆಲ್ಲನ್ನು ಎರಡು ಮಾಡೋಣ, ಈ ನಿಯಮ ಬದಲಿಸೋಣ, ನಾನು ಮಾಡಿದ ಈ ಟೂಲ್ ನೋಡಿ ಎನ್ನುವಂಥವು. ಇವು ಬೇಡವೆಂದಲ್ಲ, ಇವಿಲ್ಲದೆ ಬಳಗ ಬೆಳೆಯುವುದೇ ಇಲ್ಲ. ಆದರೆ ಸೇರಿದ ದಿನವೇ ಪರಿಚಯದ ನೆಪದಲ್ಲಿ ತನ್ನ ಟೂಲ್‌ನ ಕೊಂಡಿಯನ್ನು ಐದು ಚಾನೆಲ್‌ಗೆ ಹಾಕಿದವರ ಮಾತು ಆ ಮೇಲೆ ಯಾರ ಕಿವಿಗೂ ಬೀಳುವುದಿಲ್ಲ. ಅಂಗಿ ಹೇಗಿರಬೇಕೆಂದು ತಿಳಿಯುವ ಮೊದಲು ಅವರು ಬಟ್ಟೆ ಕತ್ತರಿಸಿದ್ದಾರೆ. ಆ ಟೂಲ್ ಒಳ್ಳೆಯದೇ ಇದ್ದರೂ ಹಾಗೆ ಆಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಕುಬರ್ನೆಟಿಸ್ ಕಟ್ಟುವವರು ಈ ಏರಿಕೆಯನ್ನು ಬರೆದೇ ಇಟ್ಟುಕೊಂಡಿದ್ದಾರೆ. ಹಲವು ಕೊಡುಗೆ ಕೊಟ್ಟವರು, ಇಬ್ಬರು ವಿಮರ್ಶಕರ ಬೆಂಬಲ ಸಿಕ್ಕ ಮೇಲೆ, ಸದಸ್ಯರಾಗುತ್ತಾರೆ. ಆಮೇಲೆ ತಾವೇ ವಿಮರ್ಶಕರು, ಅದರ ಮೇಲೆ ಅನುಮೋದಕರು. ವಿಮರ್ಶಕರ ಕೆಲಸ ಇತರರು ಬರೆದದ್ದನ್ನು ಕೂತು ಓದುವುದು. ಅನುಮೋದಕರ ಕೆಲಸ ಅದು ಒಳಗೆ ಬರಲಿ ಎಂದು ತೀರ್ಮಾನಿಸುವುದು. ತೀರ್ಮಾನಿಸುವ ಅಧಿಕಾರಕ್ಕಿಂತ ಮೊದಲು ಓದುವ ಕರ್ತವ್ಯ ಬರುತ್ತದೆ. ಕೇಳುವುದು ಹೊಸಬರ ಮೊದಲ ಎರಡು ವಾರದ ಕೆಲಸ ಎಂದುಕೊಂಡವರು ಈ ಏಣಿಯನ್ನು ನೋಡಬೇಕು. ಮೇಲೆ ಹೋದಷ್ಟೂ ಇತರರ ಮಾತು ಓದುವ ಕೆಲಸ ಹೆಚ್ಚುತ್ತದೆ.

ಈ ಕ್ರಮವನ್ನು ಕಣ್ಣುಮುಚ್ಚಿ ಪಾಲಿಸಬಾರದ ಸಂದರ್ಭವೂ ಒಂದಿದೆ. ನಮ್ಮ ಹುಡುಗಿಗೆ ಸೇರಿದ ಮೂರನೇ ದಿನವೇ ಕುಬರ್ನೆಟಿಸ್‌ನಲ್ಲಿ ಭದ್ರತೆಯ ಬಿರುಕೊಂದು ಕಂಡಿತೆನ್ನಿ, ಯಾರೋ ಹೊರಗಿನವರು ಒಳನುಗ್ಗಬಹುದಾದಂಥದು. ನಾನು ಹೊಸಬಳು, ಇನ್ನೂ ಗುಂಡಿ ಹಾಕುವವಳು ಎಂದು ಅವಳು ಸುಮ್ಮನಿರಬಾರದು. ಚಾನೆಲ್‌ನಲ್ಲಿ ಹಾಕಲೂಬಾರದು, ಅಲ್ಲಿ ಓದುವವರಲ್ಲಿ ಅದನ್ನು ದುರುಪಯೋಗ ಮಾಡುವವರೂ ಇರಬಹುದು; ರಿಪೇರಿ ಬರುವ ಮೊದಲೇ ಎಲ್ಲರ ಬಾಗಿಲು ತೆರೆದಂತಾಗುತ್ತದೆ. ಅದಕ್ಕೆಂದೇ `security@kubernetes.io` ಎಂಬ ಖಾಸಗಿ ವಿಳಾಸವಿದೆ. ಅಲ್ಲಿಗೆ ಅಂದೇ ಬರೆಯಬೇಕು. ಕ್ರಮ ಹುಟ್ಟಿದ್ದು ಇತರರಿಗೆ ಆಗುವ ನಷ್ಟದ ಲೆಕ್ಕದಿಂದ. ಸುಮ್ಮನಿದ್ದರೆ ನಷ್ಟ ಹೆಚ್ಚು ಎನ್ನುವಲ್ಲಿ ಅದೇ ಲೆಕ್ಕ ಮಾತಾಡು ಎನ್ನುತ್ತದೆ. ಕಿರುಕುಳದ ಮೆಸೇಜ್ ಬಂದಾಗಲೂ ಹಾಗೆಯೇ. ಮಾಡರೇಟರ್‌ಗೆ ದೂರು ಕೊಡಲು ಯಾವ ಮೆಟ್ಟಿಲನ್ನೂ ಏರಬೇಕಿಲ್ಲ.

ಕೇಳುವುದಕ್ಕೆ ಇನ್ನೊಂದು ಕಡೆಯಿಂದಲೂ ಒಂದು ಒತ್ತಡವಿದೆ, ಅದು ಮರೆವಿನದು. ದುಡ್ಡು ಕೊಡದ ಸ್ಲ್ಯಾಕ್‌ಗಳಲ್ಲಿ 90 ದಿನಕ್ಕಿಂತ ಹಳೆಯ ಮೆಸೇಜ್ ಕಾಣುವುದಿಲ್ಲ. 2022ರಲ್ಲಿ ಬಂದ ನಿಯಮ ಇದು. ಒಂದು ವರ್ಷ ದಾಟಿದ್ದನ್ನು ಅಳಿಸುವುದು 2024ರಲ್ಲಿ ಅದಕ್ಕೆ ಸೇರಿತು. 2025ರ ಜೂನ್‌ನಲ್ಲಿ ಕುಬರ್ನೆಟಿಸ್ ಸ್ಲ್ಯಾಕ್‌ಗೂ ಇದೇ ಗತಿ ಬರಲಿದೆ ಎಂಬ ಪ್ರಕಟಣೆ ಬಂದು, ಕೆಲವು ದಿನ ಎಲ್ಲರೂ ಹಳೆಯ ಮಾತುಗಳನ್ನು ಎಲ್ಲಿ ಉಳಿಸುವುದೆಂದು ಯೋಚಿಸುವಂತಾಯಿತು. ಕೊನೆಗೆ ಸ್ಲ್ಯಾಕ್‌ನ ಮಾಲೀಕರು ಆ ನಿರ್ಧಾರ ಕೈಬಿಟ್ಟರು. ಸಣ್ಣ ಬಳಗಗಳಿಗೆ ಆ ಭಾಗ್ಯ ಇಲ್ಲ. ಅಲ್ಲಿ ಹೊಸಬರು ಕೇಳಿದ್ದನ್ನೇ ಕೇಳುತ್ತಾರೆ ಎಂದು ಗೊಣಗುವ ಹಿರಿಯರಿಗೆ ನಾನು ಹೇಳಬೇಕೆಂದಿರುವುದು ಇದು: ಏಪ್ರಿಲ್‌ನಲ್ಲಿ ಬಂದ ಉತ್ತರ ಆಗಸ್ಟ್‌ನಲ್ಲಿ ಸೇರಿದವರ ಪಾಲಿಗೆ ಇಲ್ಲವೇ ಇಲ್ಲ, ಅವರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಂಥ ಜಾಗದಲ್ಲಿ ನೆನಪು ಉಳಿಯುವುದು ಏಪ್ರಿಲ್‌ನಿಂದ ಕೂತು ಓದಿದವರ ತಲೆಯಲ್ಲಿ. ಬಾಯಿ ಬಿಡದೆ ಓದಿದವರೂ ಅದರಲ್ಲಿ ಸೇರಿದ್ದಾರೆ. ಯಾರಿಗೂ ಕಾಣದ ಆ ಕೇಳುವಿಕೆಯೇ ಬಳಗದ ಭಂಡಾರ. ಹಾಗಾಗಿ ನಮ್ಮ ಹುಡುಗಿ ಮೂರು ಸಲ ಒಂದೇ ಪ್ರಶ್ನೆ ಬಂದದ್ದನ್ನು ಕಂಡಾಗ, ಆ ಜಾವಾ ಮೆಮೊರಿಯ ವಿವರವನ್ನು ಚಾನೆಲ್‌ನಿಂದ ಎತ್ತಿ, ಸ್ಲ್ಯಾಕ್‌ನ ಹೊರಗೆ ಎಲ್ಲರೂ ಓದಬಹುದಾದ ದಸ್ತಾವೇಜಿನ ಪುಟಕ್ಕೆ ಸೇರಿಸಲು ಕಳಿಸುತ್ತಾಳೆ. ಕಳಿಸುವ ಮೊದಲು ಆ ಉತ್ತರ ಕೊಟ್ಟಿದ್ದ ಹಿರಿಯರಿಗೆ, ನಿಮ್ಮ ಮಾತನ್ನು ಹೀಗೆ ಬರೆದಿದ್ದೇನೆ, ಸರಿಯಿದೆಯೇ ನೋಡಿ ಎಂದು ಅದೇ ಥ್ರೆಡ್‌ನಲ್ಲಿ ಕೇಳುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವ ಒಂದು ಸಂಗತಿ ಉಳಿದಿದೆ. ಜೆನ್ನಿ ಪ್ರೀಸ್, ಬ್ಲೇರ್ ನಾನೆಕ್ ಮೊದಲಾದ ಸಂಶೋಧಕರು ಆನ್‌ಲೈನ್ ಬಳಗಗಳಲ್ಲಿ ಬರೆಯದೆ ಓದುವವರನ್ನು, ಯಾಕೆ ಬರೆಯುವುದಿಲ್ಲ ಎಂದು ವಿಚಾರಿಸಿದ್ದರು. 2004ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಸಿಗುವ ಕಾರಣಗಳಲ್ಲಿ ಎರಡು ನನಗೆ ಮುಖ್ಯ. ಬಳಗದ ಬಗ್ಗೆ ಇನ್ನೂ ತಿಳಿಯಬೇಕಿತ್ತು ಎಂದವರು ಕೆಲವರು. ಬರೆಯದಿದ್ದರೆ ಉಪಕಾರ ಮಾಡಿದಂತೆ ಎಂದುಕೊಂಡವರು ಕೆಲವರು. ಈ ಎರಡನೆಯವರನ್ನು ನಾನು ನಮ್ಮ ನಡುವೆ ಬಹಳ ಕಂಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರ್ ಆದ ಹುಡುಗ ಹುಡುಗಿಯರು, ಇಂಗ್ಲಿಷಿನ ಒಂದು ವಾಕ್ಯ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ತಮ್ಮ ಪ್ರಶ್ನೆ ದಡ್ಡತನದ್ದು, ಕೇಳದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಮೊದಲು ಕೇಳು, ಆಮೇಲೆ ಮಾತಾಡು ಎಂಬ ಉಪದೇಶ ಇವರ ಕಿವಿಗೆ ಇನ್ನೂ ಸುಮ್ಮನಿರು ಎಂದು ಬೀಳುವ ಅಪಾಯವಿದೆ.

ಕೇಳುವಿಕೆಯೂ ಅವಿತುಕೊಳ್ಳುವಿಕೆಯೂ ಹೊರಗೆ ಒಂದೇ ಥರ ಇದ್ದರೂ ಒಳಗೆ ವ್ಯತ್ಯಾಸ ತಿಳಿಯುತ್ತದೆ ಎಂದು ನನ್ನ ನಂಬಿಕೆ. ಚಾನೆಲ್ ಓದುತ್ತಿರುವಾಗ ಗಮನ ಎಲ್ಲಿದೆ ಎಂಬುದೇ ಗುರುತು. ಆ ಪಾಡ್ ಯಾಕೆ ಬಿತ್ತು, ಹಿರಿಯರು ಅದನ್ನೇ ಮೊದಲು ಯಾಕೆ ಕೇಳಿದರು ಎಂದು ಮನಸ್ಸು ಅತ್ತ ಹರಿಯುತ್ತಿದ್ದರೆ ಅದು ಕೇಳುವಿಕೆ. ನಾನು ಬರೆದಿದ್ದರೆ ಇವರೆಲ್ಲ ಏನೆಂದುಕೊಳ್ಳುತ್ತಿದ್ದರು ಎಂದು ಮತ್ತೆ ಮತ್ತೆ ನನ್ನ ಕಡೆಗೇ ತಿರುಗುತ್ತಿದ್ದರೆ, ಅಲ್ಲಿ ಓದಿದ್ದು ಏನೂ ಒಳಗೆ ಇಳಿಯುವುದಿಲ್ಲ. ಹಾಗೆ ಇನ್ನೂ ಆರು ತಿಂಗಳು ಓದಿದರೂ ಪ್ರಯೋಜನವಿಲ್ಲ. ಅಂಥವರಿಗೆ ಗುಂಡಿ ಸಣ್ಣದಾಗಿರುವುದೇ ಅನುಕೂಲ. ಪ್ರಶ್ನೆ ಕೇಳುವ ಧೈರ್ಯ ಬರುವ ಮೊದಲೇ ನನಗೂ ಹೀಗೇ ಆಗಿತ್ತು, ಇದು ಕೆಲಸ ಮಾಡಿತು ಎಂದು ಮುಗಿದ ಥ್ರೆಡ್ಡಿನ ಕೆಳಗೆ ಬರೆಯಬಹುದು. ಅದಕ್ಕೆ ವ್ಯಾಕರಣ ಬೇಕಿಲ್ಲ. `512Mi`, `-Xmx350m`, ಈಗ ಬೀಳುತ್ತಿಲ್ಲ ಎಂಬಷ್ಟನ್ನು ಎಂಥ ಇಂಗ್ಲಿಷಿನಲ್ಲಿ ಬರೆದರೂ ಜರ್ಮನಿಯವರಿಗೂ ಜಪಾನಿನವರಿಗೂ ಅರ್ಥವಾಗುತ್ತದೆ. ಅವರಲ್ಲೂ ಎಷ್ಟೋ ಜನರಿಗೆ ಇಂಗ್ಲಿಷ್ ಕಲಿತ ಭಾಷೆಯೇ. ಇನ್ನು ಈಗಾಗಲೇ ಒಳಗಿರುವ ನಮ್ಮವರು `#in-users` ಥರದ ಚಾನೆಲ್‌ನಲ್ಲಿ ಅರ್ಧಂಬರ್ಧ ಪ್ರಶ್ನೆ ಕಂಡಾಗ ನಿಯಮದ ಕೊಂಡಿ ಎಸೆದು ಹೋಗುವ ಬದಲು, `kubectl describe pod` ಅಂಟಿಸುತ್ತೀರಾ ಎಂದು ಒಂದು ಸಾಲು ಕೇಳಲಿ.